ಕಲಂ ಮಾವ

ನಮ್ಮ ಮಾವನಿಗೆ ಹೆತ್ತವರಿಟ್ಟ ಹೆಸರು ಬೇರೆ ಇದೆ. ಆದರೆ ಮೈಸೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಮೂವತ್ತು ವರ್ಷ ಪತ್ರ ಬರೆದದ್ದರಿಂದ ಊರಿಗೆಲ್ಲ ಅವರು ಕಲಂ ಮಾವ. ಕಚೇರಿ ಬಿಟ್ಟರೂ ಕಚೇರಿಯ ಭಾಷೆ ಅವರನ್ನು ಬಿಟ್ಟಿಲ್ಲ. ಅತ್ತೆಯ ಹತ್ತಿರ ಕಾಫಿ ಕೇಳುವಾಗಲೂ ‘ಹತ್ತು ನಿಮಿಷದೊಳಗೆ ಕೊಡತಕ್ಕದ್ದು’ ಎನ್ನುತ್ತಾರೆ. ಅತ್ತೆ ‘ಕೊಡಬಹುದು’ ಎನ್ನುತ್ತಾರೆ. ತಕ್ಕದ್ದಕ್ಕೂ ಬಹುದಕ್ಕೂ ಇರುವ ಅಂತರ ಆ ಮನೆಯ ಬೆಕ್ಕಿಗೂ ಗೊತ್ತು.

ಈಗ ಅವರ ಮೇಜು ಮೊಬೈಲಿಗೆ ಬಂದಿದೆ. ನೆಂಟರ ಮಕ್ಕಳು ಬೆಂಗಳೂರಿನಲ್ಲಿ ಮನೆ ಹಿಡಿದರೆ ಸಾಕು, ಕರಾರಿನ ಸ್ಕ್ರೀನ್‌ಶಾಟ್ ಮಾವನಿಗೆ ಹೋಗುತ್ತದೆ. ‘ಮಾವ, ನಾಲ್ಕೇ ಸಾಲಲ್ಲಿ ಹೇಳಿ’ ಎಂಬುದು ಎಲ್ಲರ ಅರ್ಜಿ. ಅದಕ್ಕೆ ಅವರು ಮದುವೆ ಕರೆಯೋಲೆಗಳ ಖಾಲಿ ಬೆನ್ನನ್ನು ಕೂಡಿಟ್ಟಿದ್ದಾರೆ. ಅದರ ಮೇಲೆ ದುಂಡಗೆ ಬರೆದು, ಫೋಟೊ ತೆಗೆದು ಕಳಿಸುತ್ತಾರೆ. ಎಷ್ಟೋ ಜನರ ಬಾಡಿಗೆಯ ಷರತ್ತುಗಳು ಇನ್ಯಾರದೋ ಮುಹೂರ್ತದ ಹಿಂಬದಿಯಲ್ಲಿವೆ.

ಹೋದ ಮೇ ತಿಂಗಳಲ್ಲಿ ನನ್ನ ತಂಗಿಯ ಸರದಿ. ಮಾರತ್ತಹಳ್ಳಿಯಲ್ಲಿ ಒಂದು ಮನೆ, ಬಾಡಿಗೆ 22,000, ಜೂನ್ 1ರಿಂದ. ಬ್ರೋಕರ್ ಆಗಲೇ ಸಾರಾಂಶ ಕೊಟ್ಟುಬಿಟ್ಟಿದ್ದ: ‘ಅಡ್ವಾನ್ಸ್ ಆರು ತಿಂಗಳದ್ದು, ಲಾಕ್-ಇನ್ ಆರು ತಿಂಗಳು, ನೋಟಿಸ್ ಎರಡು ತಿಂಗಳು, ಅಷ್ಟೇ ಮೇಡಂ.’ ಅವಳು ಕರಾರಿನ ಎರಡು ಪುಟದ ಚಿತ್ರವನ್ನೂ ಈ ಸಾಲನ್ನೂ ಕಳಿಸಿ, ‘ಸರಿ ಇದೆಯಲ್ವಾ?’ ಎಂದು ಕೇಳಿದಳು.

ಮಾವ ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿಗೆ ತಾಗಿಸಿ, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದರು. ಆಮೇಲೆ ಹೇಳಿದರು: ‘ಮೂರು ಅಂಕಿಯೂ ಸರಿ. ಹೇಳಿದ್ದು ಮಾತ್ರ ತಪ್ಪು.’

ಮೊದಲ ತಕರಾರು ಅಡ್ವಾನ್ಸ್ ಎಂಬ ಮಾತಿನ ಮೇಲೆ. ಆ ಪದ ಕೇಳಿದರೆ ಅವರಿಗೆ ಮೈ ಉರಿಯುತ್ತದೆ. ‘ಅಡ್ವಾನ್ಸ್ ಅಂದ್ರೆ ಮುಂಗಡ. ಮುಂಗಡ ಅಂದ್ಕೊಂಡ್ರೆ ಕೊನೇ ಎರಡು ತಿಂಗಳ ಬಾಡಿಗೆ ಅದರಲ್ಲೇ ಮುರ್ಕೊಳ್ಳಿ ಅಂತ ಹೊರಡ್ತೀರಿ. ಕರಾರಲ್ಲಿ ಅಡ್ವಾನ್ಸ್ ಅಂತ ಎಲ್ಲಿದೆ? ಸೆಕ್ಯುರಿಟಿ ಡೆಪಾಸಿಟ್ ಅಂತಿದೆ. ಬಡ್ಡಿ ಇಲ್ಲ, ಬಾಡಿಗೆಗೆ ಮುರಿಯೋ ಹಾಗಿಲ್ಲ, ಮನೆ ಬಿಟ್ಟ 45 ದಿನದೊಳಗೆ ವಾಪಸ್ ಅಂತಿದೆ.’ ಅಂದರೆ ಕೊನೆಯ ಎರಡು ತಿಂಗಳೂ ಬಾಡಿಗೆ ಕಟ್ಟುತ್ತಲೇ ಹೊಸ ಮನೆಗೂ ಡೆಪಾಸಿಟ್ ಹೊಂದಿಸಬೇಕು. ಹಳೆಯದು ಕೈಸೇರುವುದು ಆಮೇಲೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಡೆಪಾಸಿಟ್ ಸಾಕು ಎಂದಿದೆಯಲ್ಲ ಎಂದು ನಾನು ಬಾಯಿ ಹಾಕಿದೆ. ಮಾವ ನನ್ನನ್ನು ಕರುಣೆಯಿಂದ ನೋಡಿದರು. ‘ಮಾದರಿ ಕಣಯ್ಯಾ ಅದು. ರಾಜ್ಯ ಒಪ್ಪಿ ತಂದ್ರೆ ಕಾನೂನು. ಅಲ್ಲೀವರೆಗೂ ಕ್ಯಾಲೆಂಡರಿನ ಲಕ್ಷ್ಮಿ ಇದ್ದ ಹಾಗೆ, ಕೈ ಮುಗೀಬಹುದು, ದುಡ್ಡು ಬರಲ್ಲ.’

ಕರಾರು ಯಾಕೆ 11 ತಿಂಗಳಿಗೇ ಇರುತ್ತದೆ ಎಂದು ಯಾರೂ ಕೇಳದಿದ್ದರೂ ಹೇಳುವುದು ಅವರ ಪದ್ಧತಿ. ಒಂದು ವರ್ಷ ಮೀರಿದ ಗೇಣಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಿಕೊಳ್ಳಲು ಈ ಹನ್ನೊಂದು. ಇದನ್ನು ಹೇಳುವಾಗ ತಮ್ಮ ಕಸುಬಿನಿಂದ ಕೈತಪ್ಪಿದ ಆದಾಯ ನೆನಪಾಗಿ ಒಮ್ಮೆ ನಿಟ್ಟುಸಿರು ಬಿಡುತ್ತಾರೆ. ಅದು ಮುಗಿದ ಮೇಲೇ ಅಸಲು ಮಾತು.

ಅಸಲು ಮಾತು ಇದ್ದದ್ದು ಲಾಕ್-ಇನ್ ಮತ್ತು ನೋಟಿಸಿನ ನಡುವಿನ ಬೆಸುಗೆಯಲ್ಲಿ. ಆರು ತಿಂಗಳ ಲಾಕ್-ಇನ್ ಎಂದರೆ ನವೆಂಬರ್ 30ಕ್ಕೆ ಬಿಡುಗಡೆ, ಅಕ್ಟೋಬರ್ 1ಕ್ಕೆ ನೋಟಿಸ್ ಕೊಟ್ಟರಾಯಿತು ಎಂದು ತಂಗಿ ಲೆಕ್ಕ ಹಾಕಿದ್ದಳು. ಎಲ್ಲರೂ ಹಾಕುವ ಲೆಕ್ಕವೇ. ಆದರೆ 9ನೇ ಕಲಮಿನಲ್ಲಿ ‘ಲಾಕ್-ಇನ್ ಮುಗಿದ ನಂತರ ಎರಡು ತಿಂಗಳ ಲಿಖಿತ ನೋಟಿಸ್ ಕೊಟ್ಟು ಬಾಡಿಗೆದಾರರು ಮನೆ ಬಿಡಬಹುದು’ ಎಂಬರ್ಥದ ಇಂಗ್ಲಿಷ್ ವಾಕ್ಯವಿತ್ತು. ಮಾವ ‘ನಂತರ’ ಎಂಬ ಒಂದು ಪದದ ಕೆಳಗೆ ಮೂರು ಗೆರೆ ಎಳೆದರು. ‘ನೋಟಿಸ್ ಕೊಡೋದಕ್ಕೇ ಡಿಸೆಂಬರ್ 1 ಆಗ್ಬೇಕು. ಹೊರಗೆ ಬರೋದು ಜನವರಿ 31. ಆರು ತಿಂಗಳಲ್ಲಮ್ಮ ಇದು, ಎಂಟು. ಹನ್ನೊಂದರಲ್ಲಿ ಎಂಟು ತಿಂಗಳು ಕಾಲು ಕಟ್ಟಿದ ಹಾಗೆ.’

‘ಓನರ್‌ಗೂ ಲಾಕ್-ಇನ್ ಇರತ್ತಲ್ಲ ಮಾವ?’

‘ಹುಡುಕಿದೆ. ಅವನಿಗೆ 10ನೇ ಕಲಂ. ಯಾವಾಗ ಬೇಕಾದ್ರೂ ಎರಡು ತಿಂಗಳ ನೋಟಿಸ್ ಕೊಡಬಹುದು. ಬೀಗ ನಿನಗೆ, ಬೀಗದ ಕೈ ಅವನಿಗೆ.’

ಮಧ್ಯದಲ್ಲೇ ಬಿಡಬೇಕಾಗಿ ಬಂದರೆ? ಅವಳ ಕಂಪನಿಯಲ್ಲಿ ವರ್ಗದ ಮಾತು ನಡೆದಿತ್ತು. ಮಾವ ಕರೆಯೋಲೆ ತಿರುಗಿಸಿ ಸೆಪ್ಟೆಂಬರ್ ಕೊನೆಗೆ ಲೆಕ್ಕ ಕಟ್ಟಿದರು. ಲಾಕ್-ಇನ್ ಮುರಿದರೆ ಅದರಲ್ಲಿ ಉಳಿದ ತಿಂಗಳ ಬಾಡಿಗೆ ಕೊಡಬೇಕು: ಅಕ್ಟೋಬರ್, ನವೆಂಬರ್ ಸೇರಿ 44,000. ಬಣ್ಣಕ್ಕೆ ಒಂದು ತಿಂಗಳದ್ದು, 22,000. ಡೆಪಾಸಿಟ್ 1,32,000ದಲ್ಲಿ ಇಷ್ಟು ಕಳೆದರೆ ಕೈಗೆ ಬರುವುದು 66,000. ‘ಸರಿಯಾಗಿ ಅರ್ಧ’ ಎಂದರು, ಜಾತಕದಲ್ಲಿ ಗುಣ ಕೂಡಿಬಂದ ಜೋಯಿಸರ ಸಂತೋಷದಲ್ಲಿ.

ಇಷ್ಟಾದರೂ ಮಾವ ಮುಚ್ಚಳ ಹಾಕಲಿಲ್ಲ. ಬಣ್ಣದ ಸಾಲು ಎರಡನೇ ಚಿತ್ರದ ಕೊನೆಯಲ್ಲಿತ್ತು, ‘ಒಂದು ತಿಂಗಳ ಬಾಡಿಗೆ ಅಥವಾ’ ಎಂಬಲ್ಲಿಗೆ ಕತ್ತರಿಸಿತ್ತು. ಸಾರಾಂಶ ಬರೆಯುವ ಬೇರೆ ಯಾರಾದರೂ ‘ಬಣ್ಣಕ್ಕೆ 22,000’ ಎಂದು ಬರೆದು ಎದ್ದುಹೋಗುತ್ತಿದ್ದರು. ಮಾವ ಆ ಜಾಗದಲ್ಲಿ ಖಾಲಿ ಬಿಟ್ಟು, ‘ಅಥವಾ ಏನು? ಮುಂದಿನ ಪುಟ ಕಳಿಸತಕ್ಕದ್ದು’ ಎಂದು ಬರೆದರು. ಚಿತ್ರದಲ್ಲಿ ಕಾಣದ್ದನ್ನು ಊಹಿಸಿ ತುಂಬುವುದು ಅವರ ಪ್ರಕಾರ ಖೋಟಾ ಸಹಿಗೆ ಸಮ. ಸಂಜೆ ಪುಟ ಬಂತು: ‘ಅಥವಾ ನಿಜವಾದ ಖರ್ಚು, ಇವೆರಡರಲ್ಲಿ ಯಾವುದು ಹೆಚ್ಚೋ ಅದು.’ ಮಾವ 22,000ದ ಮುಂದೆ ‘ಕನಿಷ್ಠ’ ಎಂದು ಸೇರಿಸಿದರು. ಅರ್ಧದ ಸಂತೋಷ ಹೋಯಿತು.

ಕೊನೆಗೆ ತಂಗಿಗೆ ಹೋದ ಕರೆಯೋಲೆಯಲ್ಲಿ ಹೀಗಿತ್ತು: ಡೆಪಾಸಿಟ್ 1,32,000, ಬಾಡಿಗೆಗೆ ಮುರಿಯುವಂತಿಲ್ಲ, ಬಿಟ್ಟ 45 ದಿನದೊಳಗೆ ವಾಪಸ್, ಬಣ್ಣಕ್ಕೆ ಕನಿಷ್ಠ 22,000 ಕಡಿತ. ಜನವರಿ 31ಕ್ಕೆ ಮೊದಲು ಸುಸೂತ್ರವಾಗಿ ಬಿಡಲಾಗದು. ಓನರ್ ಯಾವಾಗ ಬೇಕಾದರೂ ಎರಡು ತಿಂಗಳಲ್ಲಿ ಬಿಡಿಸಬಹುದು. ಕೆಳಗೆ, ಕೇಳಬೇಕಾದ ಎರಡು ತಿದ್ದುಪಡಿ: ನೋಟಿಸನ್ನು ಲಾಕ್-ಇನ್ ಒಳಗೇ ಕೊಡಬಹುದು ಎಂದಾಗಲಿ, ‘ಹೆಚ್ಚೋ’ ಎಂಬುದು ‘ಕಡಿಮೆಯೋ’ ಎಂದಾಗಲಿ. ಓನರ್ ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ನಕ್ಕರಂತೆ.

ಇಂಥ ಮಾವನ ಮನೆಯ ಮಹಡಿಯಲ್ಲೂ ಒಬ್ಬ ಮೇಷ್ಟ್ರು ಬಾಡಿಗೆಗಿದ್ದಾರೆ. ಅವರ ಕರಾರು ನೋಡಬೇಕೆಂದು ನಾನು ಆಸೆಪಟ್ಟೆ. ಮಾವ ತಟ್ಟನೆ ಪಂಚಾಂಗ ತೆರೆದು ಓದತೊಡಗಿದರು. ಅತ್ತೆ ಹೇಳಿದರು: ‘ಎಲ್ಲಿಯ ಕರಾರಪ್ಪ? ಇವರು ಹದಿನಾಲ್ಕು ಪುಟ ಬರೆದಿದ್ರು. ಓದಿದವರೆಲ್ಲ ಯೋಚನೆ ಮಾಡಿ ಹೇಳ್ತೀವಿ ಅಂತ ಹೋದವರು ಬರಲೇ ಇಲ್ಲ. ಮೂರು ತಿಂಗಳು ಮನೆ ಖಾಲಿ ಬಿದ್ದಿತ್ತು. ಆಮೇಲೆ ಇವರು ತರಕಾರಿಗೆ ಹೋದಾಗ ಮೇಷ್ಟ್ರು ಬಂದ್ರು, ಕಾಫಿ ಕೊಟ್ಟೆ, ಬೀಗದ ಕೈ ಕೊಟ್ಟೆ. ಏಳು ವರ್ಷ ಆಯ್ತು.’

‘ಡೆಪಾಸಿಟ್ ಎಷ್ಟು ಅತ್ತೆ?’

‘ಸಾಸಿವೆ ಡಬ್ಬಿಯಲ್ಲಿ ಚೀಟಿ ಇದೆ, ನೋಡು.’

ಪಂಚಾಂಗದ ಹಿಂದಿನಿಂದ ಮಾವ ಹೇಳಿದರು: ‘ಆ ಚೀಟಿಗೆ ತಾರೀಖೇ ಇಲ್ಲ.’