ಇಳಿಯುವ ಬೆಲೆಯ ಮೇಜು

ಬೆಲೆ ಏರಿತೆಂದು ಗೊಣಗುವ ಕಲೆಯಲ್ಲಿ ನಮ್ಮ ಜನ ಪರಿಣತರಾಗಿದ್ದರೂ ಬೆಲೆ ಇಳಿಯುವುದನ್ನು ಎದುರಿಸುವ ಅಭ್ಯಾಸ ಅವರಿಗೆ ಇಲ್ಲವಾದುದರಿಂದ, ಅಪೂರ್ವವಾಗಿ ಎಲ್ಲಿಯಾದರೂ ಒಂದು ವಸ್ತುವಿನ ಬೆಲೆ ನಿಯಮಬದ್ಧವಾಗಿ ಇಳಿಯತೊಡಗಿತೆಂದರೆ ಅವರ ವಿವೇಕವು ಆ ಬೆಲೆಗಿಂತಲೂ ಶೀಘ್ರವಾಗಿ ಇಳಿದುಬಿಡುತ್ತದೆ. ನಮ್ಮ ಬೀದಿಯ ನಿವೃತ್ತ ಶಿರಸ್ತೇದಾರರಾದ ರಾಯರನ್ನು ನಾನು ಇದಕ್ಕೆ ಸಾಕ್ಷಿಯಾಗಿ ಕರೆಯಬಲ್ಲೆ. ಮೂವತ್ತು ವರ್ಷ ಸರಕಾರದ ಲೆಕ್ಕವನ್ನು ಪೈಸೆ ತಪ್ಪದಂತೆ ಒಪ್ಪಿಸಿದ ಆ ಮಹನೀಯರು ಒಂದು ಬೀಟೆಮರದ ಮೇಜಿನ ಮುಂದೆ ಗಣಿತವನ್ನೇ ಮರೆತರು.

ಪೇಟೆಯ ಕೊನೆಯಲ್ಲಿ ಹಳೆಯ ಮರದ ಸಾಮಾನುಗಳನ್ನು ಮಾರುವ ಶೆಟ್ಟರೊಬ್ಬರಿದ್ದಾರೆ. ಕೊಳ್ಳುವವರೊಡನೆ ಚೌಕಾಸಿ ಮಾಡಿ ಮಾಡಿ ಗಂಟಲು ಒಣಗಿದ ಮೇಲೆ ಅವರು ಒಂದು ಹೊಸ ಪದ್ಧತಿಯನ್ನು ತಂದರು: ಪ್ರತಿಯೊಂದು ಸಾಮಾನಿಗೂ ಒಂದು ರಟ್ಟಿನ ಚೀಟಿ, ಚೀಟಿಯ ಮೇಲೆ ಬೆಲೆ, ಅದರ ಕೆಳಗೆ ‘ಮಾರಾಟವಾಗದಿದ್ದಲ್ಲಿ ಪ್ರತಿ ತಿಂಗಳೂ ಶೇಕಡಾ ಹತ್ತರಂತೆ ಬೆಲೆ ಇಳಿಸಲಾಗುವುದು’ ಎಂಬ ಒಕ್ಕಣೆ. ರಾಯರ ಮನಸ್ಸನ್ನು ಸೂರೆಗೊಂಡ ಮೇಜಿನ ಬೆಲೆ 2000 ರೂಪಾಯಿ. ಚೀಟಿಯನ್ನು ಓದಿದವರು ನೇರವಾಗಿ ನಮ್ಮ ಮನೆಯ ಜಗಲಿಗೆ ಬಂದು, ಧ್ವನಿಯನ್ನು ತಗ್ಗಿಸಿ, “ಯಾರಿಗೂ ಹೇಳಬೇಡಿ. ತಿಂಗಳಿಗೆ ಹತ್ತು ಅಂದರೆ ಹತ್ತು ತಿಂಗಳಿಗೆ ನೂರು. ಶೆಟ್ಟರಿಗೆ ಇದು ಹೊಳೆದಿಲ್ಲ. ಹತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಮೇಜು ಪುಕ್ಕಟೆ!” ಎಂದರು.

ಹತ್ತು ತಿಂಗಳಿಗೆ ಪುಕ್ಕಟೆಯಾಗುವುದಾದರೆ ಹನ್ನೊಂದನೆಯ ತಿಂಗಳು ಶೆಟ್ಟರೇ ಇನ್ನೂರು ರೂಪಾಯಿ ಕೈಗಿಟ್ಟು ಮೇಜನ್ನು ಮನೆಗೆ ಕಳುಹಿಸಬೇಕಾಗುವುದಲ್ಲವೆ ಎಂದು ನಾನು ವಿನಯದಿಂದ ಕೇಳಿದೆ. ಆ ಸಾಧ್ಯತೆಯೂ ರಾಯರಿಗೆ ತೀರ ಅಪ್ರಿಯವಾಗಿದ್ದಂತೆ ಕಾಣಲಿಲ್ಲ. ಕೊನೆಗೆ ಸ್ಲೇಟು ತರಿಸಬೇಕಾಯಿತು.

ಗುಟ್ಟೆಲ್ಲ ಇರುವುದು ಆ ‘ಶೇಕಡಾ’ ಎಂಬುದರಲ್ಲಿ ಅಡಗಿರುವ ನೂರು ಯಾವ ನೂರು ಎಂಬಲ್ಲಿ. ಮೊದಲನೆಯ ತಿಂಗಳು ಹತ್ತನೆಯ ಒಂದು ಪಾಲು ಹೋಗುವುದು 2000ದಿಂದ; ಹೋದದ್ದು 200, ಉಳಿದದ್ದು 1800. ಎರಡನೆಯ ತಿಂಗಳು ಕತ್ತರಿ ಬೀಳುವುದು ಈ 1800ರ ಮೇಲೆ. ಆದುದರಿಂದ ಅದು 180ನ್ನು ಮಾತ್ರ ಕತ್ತರಿಸಬಲ್ಲದೇ ಹೊರತು, ಹಿಂದಿನ ತಿಂಗಳೇ ಹೊರಟುಹೋದ ಇನ್ನೂರನ್ನು ಹಿಂದಕ್ಕೆ ಕರೆದು ಅದರಲ್ಲಿಯೂ ಹತ್ತನೆಯ ಪಾಲನ್ನು ಕೇಳಲಾರದು. ಹೀಗೆ ಎರಡು ತಿಂಗಳ ಇಳಿತ ಇಪ್ಪತ್ತಲ್ಲ, ಹತ್ತೊಂಬತ್ತು. ಮೂರು ತಿಂಗಳದು ಮೂವತ್ತಲ್ಲ, ಇಪ್ಪತ್ತೇಳು ಚಿಲ್ಲರೆ. ಇಳಿದುದನ್ನು ಕೂಡಿಸುತ್ತ ಹೋಗುವವನು ಕೆಡುತ್ತಾನೆ. ಉಳಿದುದನ್ನು ತಿಂಗಳಿಗೊಮ್ಮೆ ಒಂಬತ್ತರಿಂದ ಗುಣಿಸಿ ಹತ್ತರಿಂದ ಭಾಗಿಸುತ್ತ ಹೋಗುವವನಿಗೆ ಸರಿಯಾದ ಉತ್ತರ ದೊರೆಯುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಗುಣೋತ್ತರ ಶ್ರೇಢಿಯನ್ನು ವಿವರಿಸಿ ಸಾವಿರ ವರ್ಷಗಳ ಮೇಲಾಗಿದ್ದರೂ, ನಮ್ಮ ಜಗಲಿಗೆ ಆ ವಾರ್ತೆ ಅಂದೇ ತಲಪಿದಂತಾಯಿತು.

ಸ್ಲೇಟಿನ ಮೇಲೆ ತಿಂಗಳುಗಳು ಇಳಿಯುತ್ತ ಬಂದವು. ಆರನೆಯ ತಿಂಗಳ ಕೊನೆಗೆ 1063. ಏಳನೆಯದಕ್ಕೆ 957, ಅಂದರೆ ಮೇಜು ಅರ್ಧಬೆಲೆಗೆ ಬರಲು ರಾಯರು ಎಣಿಸಿದ ಐದು ತಿಂಗಳು ಸಾಲದೆ ಏಳನೆಯದು ಬೇಕಾಯಿತು. ಅವರು ಪುಕ್ಕಟೆಯೆಂದು ಭಾವಿಸಿದ್ದ ಹತ್ತನೆಯ ತಿಂಗಳಲ್ಲಿ ಮೇಜು 697 ರೂಪಾಯಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿತ್ತು. ಮೊದಲನೆಯ ತಿಂಗಳು ಕಾಯ್ದವನಿಗೆ ಇನ್ನೂರು ರೂಪಾಯಿ ಉಳಿತಾಯವಾದರೆ, ಹತ್ತನೆಯ ತಿಂಗಳು ಅಷ್ಟೇ ದಿನ, ಅಷ್ಟೇ ಆತಂಕದಿಂದ ಕಾಯ್ದವನಿಗೆ ಉಳಿಯುವುದು ಎಪ್ಪತ್ತೇಳು. ಬೆಲೆ ಅರ್ಧವಾಗಲು ಎಷ್ಟು ಕಾಲ ಹಿಡಿಯಿತೋ, ಆ ಅರ್ಧ ಮತ್ತೆ ಅರ್ಧವಾಗಲೂ ಅಷ್ಟೇ ಕಾಲ ಹಿಡಿಯುವುದರಿಂದ, ಹದಿಮೂರನೆಯ ತಿಂಗಳಿಗೆ ಬೆಲೆ ಸುಮಾರು ಐನೂರು ಎಂದಾಗುತ್ತದೆ. ಸೊನ್ನೆ ಎಂಬುದು ಈ ದಾರಿಯಲ್ಲಿ ಎಂದೂ ಸಿಕ್ಕದ ಊರು.

“ಹಾಗಾದರೆ ನನ್ನ ಲೆಕ್ಕ ಲೋಕದಲ್ಲಿ ಎಲ್ಲಿಯೂ ನಡೆಯುವುದಿಲ್ಲವೋ?” ಎಂದು ರಾಯರು ನೊಂದು ಕೇಳಿದರು. ನಡೆಯದೇನು! ಅಮೆರಿಕದ ಬಾಸ್ಟನ್ ನಗರದಲ್ಲಿ ಎಡ್ವರ್ಡ್ ಫೈಲೀನ್ ಎಂಬ ವರ್ತಕನು 1909ರಲ್ಲಿ ತನ್ನ ಅಂಗಡಿಯ ನೆಲಮಾಳಿಗೆಯಲ್ಲಿ ಆರಂಭಿಸಿದ ಅಗ್ಗದ ಮಾರಾಟದಲ್ಲಿ, ಹನ್ನೆರಡು ದಿನ ಕಳೆದರೂ ಬಿಕರಿಯಾಗದ ಸರಕಿಗೆ ಶೇಕಡಾ 25, ಹದಿನೆಂಟು ದಿನ ಕಳೆದರೆ 50, ಇಪ್ಪತ್ತನಾಲ್ಕು ಕಳೆದರೆ 75 ಎಂದು ಕಡಿತ ಮಾಡುತ್ತಿದ್ದರು. ಅಲ್ಲಿ ಪ್ರತಿಯೊಂದು ಕಡಿತವೂ ಮೊದಲ ಬೆಲೆಯ ಮೇಲಿನದಾದುದರಿಂದ ಮೂವತ್ತು ದಿನಗಳಾಗುವ ಹೊತ್ತಿಗೆ ಕಡಿಯಲು ಏನೂ ಉಳಿಯುತ್ತಿರಲಿಲ್ಲ. ಸರಕನ್ನು ಧರ್ಮಾರ್ಥವಾಗಿ ಕೊಟ್ಟುಬಿಡುತ್ತಿದ್ದರು. ಇದನ್ನು ಕೇಳಿ ರಾಯರ ಮುಖ ಅರಳಿತಾದರೂ, ಬಾಸ್ಟನ್ನಿಗೆ ಹೋಗಿಬರುವ ಖರ್ಚಿನ ವಿಚಾರ ಬಂದಾಗ ಮತ್ತೆ ಮುಚ್ಚಿತು. ಚೀಟಿಯಲ್ಲಿ ಶೇಕಡಾ ಹತ್ತೆಂದಿರುವುದು ಮೊದಲ ಬೆಲೆಗೋ ಅಂದಿನ ಬೆಲೆಗೋ ಎಂದು ಕೇಳಿ ತಿಳಿಯುವ ಕೆಲಸ ಮಾತ್ರ ಉಳಿದಿತ್ತು. ಅಂದಿನ ಬೆಲೆಗೇ ಎಂದು ಶೆಟ್ಟರು ಹೇಳಿ ಕಳುಹಿಸಿದರು.

ಅಲ್ಲಿಂದ ಮುಂದೆ ರಾಯರು ತಿಂಗಳ ಮೊದಲ ದಿನ ಅಂಗಡಿಗೆ ಹೋಗಿ ಚೀಟಿಯನ್ನು ಪರೀಕ್ಷಿಸುವುದನ್ನು ಒಂದು ವ್ರತವಾಗಿ ಕೈಕೊಂಡರು. ಮೂರನೆಯ ಇಳಿತದ ದಿನ ಅವರು ಕೆರಳಿ ನನ್ನನ್ನೂ ಎಳೆದುಕೊಂಡು ಹೋದರು. ಸ್ಲೇಟಿನ ಪ್ರಕಾರ 1458 ಇರಬೇಕಾದಲ್ಲಿ ಚೀಟಿಯ ಮೇಲೆ, ಹಳೆಯ ಅಂಕಿಗಳನ್ನು ನೀಲಿ ಪೆನ್ಸಿಲಿನಿಂದ ಹೊಡೆದು, 1460 ಎಂದು ಬರೆದಿತ್ತು.

“ಚಿಲ್ಲರೆ ಯಾರು ಎಣಿಸುತ್ತಾರೆ ಸ್ವಾಮಿ, ಮುಂದಿನ ಹತ್ತಕ್ಕೆ ಏರಿಸಿ ಬರೆಯುತ್ತೇನೆ” ಎಂದರು ಶೆಟ್ಟರು.

ಎರಡು ರೂಪಾಯಿ ಅಲ್ಪವೆಂದೇ ನನಗೂ ತೋರಿತು. ಆದರೆ ಏರಿಸಿದ ಬೆಲೆಯ ಮೇಲೆಯೇ ಮುಂದಿನ ತಿಂಗಳ ಕತ್ತರಿಯೂ ಬೀಳುವುದರಿಂದ ಈ ಅಲ್ಪವು ಕೂಡಿಕೊಳ್ಳುತ್ತ ಹೋಗಿ ಹತ್ತನೆಯ ತಿಂಗಳಿಗೆ 697ರ ಬದಲು 730 ಆಗುತ್ತದೆ. ಅದಕ್ಕಿಂತ ಸ್ವಾರಸ್ಯವಾದ ಸಂಗತಿ ಕೆಳಗಿನ ಕೊನೆಯಲ್ಲಿದೆ. ಇಳಿಯುತ್ತ ಇಳಿಯುತ್ತ ಬೆಲೆ ಎಂದಾದರೂ 90ಕ್ಕೆ ಬಂದಿತೆನ್ನಿ. ಅದರಲ್ಲಿ ಹತ್ತನೆಯ ಪಾಲು ಕಳೆದರೆ 81. ಮುಂದಿನ ಹತ್ತಕ್ಕೆ ಏರಿಸಿದರೆ ಮತ್ತೆ 90! ಅಲ್ಲಿಂದಾಚೆಗೆ ಶೆಟ್ಟರು ಪ್ರತಿ ತಿಂಗಳೂ ಪ್ರಾಮಾಣಿಕವಾಗಿ ಶೇಕಡಾ ಹತ್ತನ್ನು ಇಳಿಸುತ್ತಲೇ ಇರಬಹುದು, ಬೆಲೆ ಮಾತ್ರ ಯುಗಾಂತ್ಯದವರೆಗೂ ಕದಲದು. ಇದನ್ನು ನಾನು ವಿವರಿಸಿದಾಗ ರಾಯರು ಹುಬ್ಬು ಗಂಟಿಕ್ಕಿ ಶೆಟ್ಟರ ಕಡೆ ತಿರುಗಿದರು.

ಶೆಟ್ಟರು ಕಿಂಚಿತ್ತೂ ವಿಚಲಿತರಾಗದೆ, “ತೊಂಬತ್ತಕ್ಕೆ ಬರುವ ತನಕ ಕಾಯುತ್ತೀರೇನು ರಾಯರೇ? ಹಾಗಿದ್ದರೆ ನಿಂತುಕೊಂಡು ಏಕೆ ಕಾಯಬೇಕು, ಒಳ್ಳೆಯ ಬೆತ್ತದ ಕುರ್ಚಿ ಬಂದಿದೆ, ಅದನ್ನೊಂದು ಕೊಂಡುಕೊಳ್ಳಿ” ಎಂದರು.

ಐದನೆಯ ಇಳಿತವಾದ ಮಧ್ಯಾಹ್ನವೇ ಯಾರೋ ವಕೀಲರು 1190 ರೂಪಾಯಿಗಳನ್ನು ಎಣಿಸಿ ಕೊಟ್ಟು ಮೇಜನ್ನು ಗಾಡಿಗೆ ಹೇರಿಸಿಕೊಂಡು ಹೋದರು. ರಾಯರು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಈಗ ಅವರ ದೃಷ್ಟಿ ಅದೇ ಅಂಗಡಿಯ ಗೋಡೆ ಗಡಿಯಾರದ ಮೇಲೆ ನೆಟ್ಟಿದೆ. ಅದಕ್ಕೆ ತಿಂಗಳಿಗೆ ಶೇಕಡಾ ಐದರಂತೆ ಇಳಿತ. ಅರ್ಧಬೆಲೆಗೆ ಬರಬೇಕಾದರೆ ಹದಿನಾಲ್ಕು ತಿಂಗಳು ಹಿಡಿಯುವುದೆಂದು ನಾನು ಎಚ್ಚರಿಸಿದುದಕ್ಕೆ, ಗಡಿಯಾರ ಕೊಳ್ಳುವ ವಿಷಯದಲ್ಲಿ ಆತುರ ಸಲ್ಲದೆಂದು ಹೇಳಿ ಸ್ಲೇಟನ್ನು ತಮ್ಮ ಮನೆಗೆ ತೆಗೆದುಕೊಂಡು ಹೋದರು.