ಮೂರು ದೊಡ್ಡದೋ ಏಳು ದೊಡ್ಡದೋ

ಕಿಗ್ಗದಿಂದ ಸಿರಿಮನೆ ಜಲಪಾತದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಲೆಕ್ಕದ ಭಾವನ ಮನೆ. ಹೆಸರಿಗೆ ತಕ್ಕ ಮನುಷ್ಯ. ಒಂದು ಹಿಡಿ ಅಡಿಕೆ ಅಂಗೈಯಲ್ಲಿ ಹಾಕಿದರೆ ಸಾಕು, ಇಷ್ಟು ರಾಶಿ, ಇಷ್ಟು ಬೆಟ್ಟೆ, ಇಷ್ಟು ಗೊರಬಲು ಎಂದು ಅಲ್ಲೇ ವಿಂಗಡಿಸಿ ಒಟ್ಟು ರೇಟು ಹೇಳಿಬಿಡುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಎರಡು ರೂಪಾಯಿ ಚಿಲ್ಲರೆ ಉಳಿಸಿಕೊಂಡರೆ ಇಳಿಯುವವರೆಗೂ ಅವನನ್ನು ಕಣ್ಣಿನಿಂದ ಬಿಡುವುದಿಲ್ಲ.

ಇಂಥ ಭಾವ ಕಳೆದ ಮುಂಗಾರಿಗೆ ಮೊದಲು ನಮ್ಮ ಜಗಲಿಗೆ ಬಂದು ಕೂತರು. ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ, ಗೊಬ್ಬರ ಎಲ್ಲ ಸೇರಿ 50,000 ಬೇಕು.

"ಬ್ಯಾಂಕಿನವರು ಏಳು ಅಂತಾರೆ ಮಾರಾಯ. ನಮ್ಮ ಪೇಟೆ ಸಾಹುಕಾರ್ರು ಬರೀ ಮೂರು ರೂಪಾಯಿ ಬಡ್ಡಿ. ಏಳು ದೊಡ್ಡದೋ ಮೂರು ದೊಡ್ಡದೋ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಒಳಗಿಂದ ಬಂದಳು. ಗೋಡೆಯಲ್ಲಿದ್ದ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇಳಿಸಿದಳು. "ಸಾಹುಕಾರ್ರ ಮೂರು ರೂಪಾಯಿ ನೂರಕ್ಕೆ, ತಿಂಗಳಿಗೆ. ಐವತ್ತು ಸಾವಿರಕ್ಕೆ ತಿಂಗಳಿಗೆ ಎಷ್ಟಾಯ್ತು ನೀವೇ ಹೇಳಿ."

"1,500," ಎಂದರು ಭಾವ, ಅಡಿಕೆ ರೇಟು ಹೇಳುವ ಗತ್ತಿನಲ್ಲೇ.

ಅಕ್ಕ ಜೂನ್ ಪುಟದಲ್ಲಿ 1,500 ಬರೆದಳು. ಜುಲೈಯಲ್ಲಿ ಬರೆದಳು. ಕೊಯ್ಲು ಮುಗಿದು ಅಡಿಕೆ ಮಾರಿ ಕೈಗೆ ದುಡ್ಡು ಬರುವುದು ಮಾರ್ಚ್ ಕೊನೆಗೆ ತಾನೆ? ಡಿಸೆಂಬರ್ ಪುಟ ಬಂತು, ಕ್ಯಾಲೆಂಡರೇ ಮುಗಿಯಿತು, ಬಡ್ಡಿ ಮುಗಿಯಲಿಲ್ಲ. ಉಳಿದ ಮೂರು ತಿಂಗಳನ್ನು ಹಿಂದಿನ ರಟ್ಟಿನ ಮೇಲೆ ಬರೆಯಬೇಕಾಯಿತು. ಹತ್ತು ತಿಂಗಳಿಗೆ 15,000. ವರ್ಷದ ಲೆಕ್ಕದಲ್ಲಿ ನೂರಕ್ಕೆ ಮೂವತ್ತಾರು. ಸಾಲದ್ದಕ್ಕೆ ಸಾಹುಕಾರರು ಮೊದಲ ತಿಂಗಳದ್ದನ್ನು ಮುರಿದುಕೊಂಡೇ ಕೊಡುವವರು. ಕೈಗೆ ಬರುವುದು 48,500, ಬಡ್ಡಿ ಓಡುವುದು ಪೂರ್ತಿ ಐವತ್ತಕ್ಕೆ.

ಬ್ಯಾಂಕಿನ ಏಳು ಇಡೀ ವರ್ಷಕ್ಕೆ. ಅದೇ ಹತ್ತು ತಿಂಗಳಿಗೆ 2,917. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲವಾದರೆ, 3 ಲಕ್ಷದವರೆಗೆ ವಾಯಿದೆಯೊಳಗೆ ಕಟ್ಟಿದವರಿಗೆ ಸರ್ಕಾರ ಇನ್ನೂ ಮೂರು ಪರ್ಸೆಂಟ್ ಭರಿಸುತ್ತದೆ. ಆಗ ನಾಲ್ಕೇ ಉಳಿಯಿತು, ಅಂದರೆ 1,667. ವಾಯಿದೆ ತಪ್ಪಿದರೆ ಆ ರಿಯಾಯಿತಿ ಹೋಯಿತು.

ಭಾವ ಸೋಲುವವರಲ್ಲ. "ಬ್ಯಾಂಕಿಗೆ ಅಲೆಯುವುದು ಯಾರ ಲೆಕ್ಕಕ್ಕೆ?" ಎಂದರು. ಮಾತಿನಲ್ಲಿ ಸತ್ವವಿತ್ತು. ಅವರ ಪಹಣಿಯಲ್ಲಿ ಸ್ವರ್ಗದಲ್ಲಿರುವ ಅಪ್ಪನೂ ಸೇರಿ ನಾಲ್ಕು ಹೆಸರು. ಐದು ಸಲ ಶೃಂಗೇರಿಗೆ ಓಡಾಡಿದರೆ ಬಸ್ಸು, ಕಾಫಿ, ತೋಟದ ಕೆಲಸ ಕೆಟ್ಟದ್ದು ಸೇರಿ ಸಲಕ್ಕೆ 700 ಹಿಡಿದರೂ 3,500. ಬ್ಯಾಂಕಿನ ಸಾಲ ಒಟ್ಟು 5,167ಕ್ಕೆ ಬಿತ್ತು. ಆದರೂ ಹದಿನೈದು ಸಾವಿರದ ಹತ್ತಿರಕ್ಕೂ ಬರಲಿಲ್ಲ. ಕಾರ್ಡು ಒಮ್ಮೆ ಆದರೆ ಐದು ವರ್ಷ ನಡೆಯುತ್ತದೆ, ಅಷ್ಟು ಅಲೆದಾಟ ಮೊದಲ ವರ್ಷಕ್ಕೇ ಮುಗಿಯಿತು.

ಆದರೆ ದುಡ್ಡು ಎರಡೇ ತಿಂಗಳಿಗೆ ಬೇಕಿದ್ದರೆ? ಸಾಹುಕಾರರಿಗೆ 3,000, ಬ್ಯಾಂಕಿಗೆ ಬಡ್ಡಿ 333, ಅಲೆದಾಟ 3,500. ಅಲ್ಲಿ ಸಾಹುಕಾರರೇ ಗೆದ್ದರು! ಭಾವ ತೊಡೆ ತಟ್ಟಿದ ಸದ್ದಿಗೆ ಜಗಲಿಯ ನಾಯಿ ಎದ್ದು ಅಂಗಳಕ್ಕೆ ಹೋಯಿತು.

ಮಾಡಿದ್ದೂ ಹಾಗೆಯೇ. ಕಿಗ್ಗದ ಋಷ್ಯಶೃಂಗ ಮಳೆಯ ದೇವರು, ಪಹಣಿ ಸರಿಯಾಗಲಿ ಎಂದು ಕಾಯುವವನಲ್ಲ. ಮಳೆ ಹಿಡಿಯುವ ಮೊದಲೇ ಮೊದಲ ಔಷಧಿ ಬೀಳದಿದ್ದರೆ ಕೊಳೆ ಬಂದ ಮೇಲೆ ಹೊಡೆದು ಫಲವಿಲ್ಲ. ಭಾವ ಸಾಹುಕಾರರಿಂದ ತಂದು ಔಷಧಿ ಹೊಡೆಸಿದರು, ಜೊತೆಜೊತೆಗೇ ಬ್ಯಾಂಕಿಗೂ ಅಲೆದರು. ತಿಂಗಳು ತುಂಬುವುದರೊಳಗೆ ಬ್ಯಾಂಕಿನ ದುಡ್ಡು ಬಂತು, ಸಾಹುಕಾರರ ಅಸಲು ತೀರಿಸಿದರು. ಮುರಿದುಕೊಂಡ 1,500 ಹೋಯಿತು, ತೋಟ ಉಳಿಯಿತು.

ಆಮೇಲಿನಿಂದ ಇಡೀ ಲೆಕ್ಕ ಭಾವನದೇ ಆಗಿಬಿಟ್ಟಿದೆ. ಅಕ್ಕನ ಕ್ಯಾಲೆಂಡರನ್ನು ತಾವೇ ಕಂಡುಹಿಡಿದವರಂತೆ ಮಡಚಿ ಬಗಲಲ್ಲಿ ಇಟ್ಟುಕೊಂಡು ಊರೆಲ್ಲ ತಿರುಗುತ್ತಾರೆ. ಯಾರು ಯಾವ ಅಂಕಿ ಹೇಳಿದರೂ ಒಂದೇ ಪ್ರಶ್ನೆ: "ತಿಂಗಳಿಗೋ ವರ್ಷಕ್ಕೋ?"

ಮೊನ್ನೆ ಮಗಳಿಗೆ ಸಂಬಂಧ ತಂದವರು ಹುಡುಗನಿಗೆ ಬೆಂಗಳೂರಲ್ಲಿ ಹನ್ನೆರಡು ಲಕ್ಷ ಎಂದರು.

"ತಿಂಗಳಿಗೋ ವರ್ಷಕ್ಕೋ?"

"ವರ್ಷಕ್ಕೆ."

"ಹಾಗಾದರೆ ತಿಂಗಳಿಗೆ ಒಂದು. ಪೂರ್ತಿ ಕೈಗೆ ಬರುತ್ತದೋ, ಮುರಿದುಕೊಂಡು ಕೊಡುತ್ತಾರೋ?"

"ಪಿಎಫ್ಫು, ಟ್ಯಾಕ್ಸು ಅಂತ ಸ್ವಲ್ಪ ಮುರಿದುಕೊಳ್ಳುತ್ತಾರೆ."

ಭಾವ ನನ್ನ ಕಿವಿಯ ಹತ್ತಿರ ಬಗ್ಗಿದರು. "ಕಂಪನಿಯವರೂ ನಮ್ಮ ಸಾಹುಕಾರ್ರ ಕಡೆಯವರೇ ಮಾರಾಯ!"