12ಎಂ ಅಂದರೆ ಗಂಡಸರಿಗಂತೆ!

ನಮ್ಮ ಮನೆತನದ ವಾಟ್ಸಾಪ್ ಗುಂಪು ಐದು ತಾಲ್ಲೂಕಿಗೆ ಹಬ್ಬಿದೆ. ದೊಡ್ಡವ್ವ ಕೂಡ್ಲಿಗಿಯಲ್ಲಿ, ಭಾವ ಕೊಟ್ಟೂರಿನಲ್ಲಿ, ತಂಗಿಯ ಸಂಸಾರ ಎಚ್.ಬಿ.ಹಳ್ಳಿಯಲ್ಲಿ, ಚಿಗವ್ವ ಹಡಗಲಿಯಲ್ಲಿ, ಅಳಿಯ ಹರಪನಹಳ್ಳಿಯಲ್ಲಿ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಮೆಕ್ಕೆಜೋಳದ ರೇಟು, ರಾತ್ರಿ ಯಾರದೋ ಲಗ್ನಪತ್ರಿಕೆ, ಇಷ್ಟೇ ಅದರ ವ್ಯವಹಾರ. ಅಂಥ ಗುಂಪಿಗೆ ತಂಗಿಯ ಮಗಳು ಒಂದು ಸನ್‌ಸ್ಕ್ರೀನ್ ಟ್ಯೂಬಿನ ಬೆನ್ನಿನ ಫೋಟೊ ಹಾಕಿ, "ಮಾಮಾ, ಇದರಾಗ ಏನು ಬರ್ದೈತಿ ಒಂದೀಟು ಹೇಳು" ಅಂದಳು. ನಾನು ಬಹಳ ವರ್ಷ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವನು ಎಂಬ ಕಾರಣಕ್ಕೆ ಸೊಳ್ಳೆಬತ್ತಿಯಿಂದ ಸಕ್ಕರೆ ಕಾಯಿಲೆವರೆಗೆ ಎಲ್ಲವೂ ನನ್ನ ಪಾಲಿಗೇ ಬರುತ್ತದೆ.

ಆದರೆ ನಾನು ಕನ್ನಡಕ ಹುಡುಕುವಷ್ಟರಲ್ಲಿ ಭಾವ ತೀರ್ಪು ಕೊಟ್ಟಾಗಿತ್ತು. ಟ್ಯೂಬಿನ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ 12ಎಂ. "ಎಂ ಅಂದ್ರ ಮೇಲ್. ಇದು ಗಂಡಸರದ್ದು, ಹುಡುಗಿ ಹಚ್ಕಂಡ್ರ ಮೀಸಿ ಬರ್ತಾವು." ಅಳಿಯ ಬಿಡುತ್ತಾನೆಯೇ? ಎಸ್‌ಪಿಎಫ್ 50 ಅಂದರೆ ಐವತ್ತು ನಿಮಿಷ ಬಿಸಿಲು ತಡೆಯುತ್ತದೆ, ಆಮೇಲೆ ಅಲಾರಾಂ ಇಟ್ಟುಕೊಂಡು ಮತ್ತೆ ಹಚ್ಚಬೇಕು ಅಂದ. ಚಿಗವ್ವನ ಪ್ರಶ್ನೆ ಒಂದೇ: "ಅದರಾಗ ನಮ್ಮ ಹಡಗಲಿ ಮಲ್ಲಿಗಿ ಹಾಕ್ಯಾರೇನು?"

ಮೊದಲು ಅಳಿಯಂದಿರ ಅಲಾರಾಂ ಬಂದ್ ಮಾಡೋಣ. ಎಸ್‌ಪಿಎಫ್ ನಿಮಿಷವೂ ಅಲ್ಲ, ಗಂಟೆಯೂ ಅಲ್ಲ, ಎಷ್ಟು ಪಟ್ಟು ಎಂಬ ಲೆಕ್ಕ. ಪ್ರಯೋಗಶಾಲೆಯಲ್ಲಿ ಒಪ್ಪಿ ಬಂದವರ ಬೆನ್ನಿಗೆ ಕ್ರೀಮು ಬಳಿದು ಬಿಸಿಲಿನಂಥದ್ದೇ ಕಿರಣ ಬೀರುವ ದೀಪ ಬಿಡುತ್ತಾರೆ. ಬರಿ ಚರ್ಮ ತುಸು ಕೆಂಪಾಗಲು ಎಷ್ಟು ಕಿರಣ ಬೇಕಾಯಿತು, ಕ್ರೀಮು ಹಚ್ಚಿದ ಚರ್ಮ ಅಷ್ಟೇ ಕೆಂಪಾಗಲು ಎಷ್ಟು ಬೇಕಾಯಿತು ಎಂದು ಮರುದಿನ ನೋಡುತ್ತಾರೆ. ಐವತ್ತು ಪಟ್ಟು ಬೇಕಾದರೆ ಎಸ್‌ಪಿಎಫ್ 50. ಅಂದರೆ ಚರ್ಮ ಸುಡುವ ಕಿರಣದ ನೂರು ಪಾಲಿನಲ್ಲಿ ಎರಡು ಪಾಲು ಮಾತ್ರ ಒಳಗೆ ಹೋಗುತ್ತದೆ. ಮೂವತ್ತರದ್ದು ಹಚ್ಚಿದರೆ ಮೂರು ಚಿಲ್ಲರೆ ಪಾಲು. ಮೂವತ್ತಕ್ಕೂ ಐವತ್ತಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅಂಗಡಿಯಲ್ಲಿ ಬೆಲೆಯ ವ್ಯತ್ಯಾಸ ಕೇಳಬೇಡಿ.

ಅಳಿಯನಂಥ ಜಾಣರು ಇಲ್ಲೊಂದು ಗುಣಾಕಾರ ಮಾಡುತ್ತಾರೆ. ಹತ್ತು ನಿಮಿಷಕ್ಕೆ ಸುಡುವ ಚರ್ಮ ಐನೂರು ನಿಮಿಷ ತಡೆಯುತ್ತದೆ, ಬೆಳಿಗ್ಗೆ ಹಚ್ಚಿದರೆ ಸಂಜೆತನಕ ನಿಶ್ಚಿಂತೆ ಎಂದು. ದೀಪದ ಕೆಳಗೆ ಬೋರಲು ಮಲಗಿದವನು ಬೆವರುವುದಿಲ್ಲ, ಟವೆಲ್ಲಿನಿಂದ ಮುಖ ಒರೆಸುವುದಿಲ್ಲ, ಕೊಟ್ಟೂರು ತೇರಿನ ಹಗ್ಗಕ್ಕೆ ಕೈ ಹಾಕುವುದಿಲ್ಲ. ನಾವು ಇವೆಲ್ಲವನ್ನೂ ಮಾಡುತ್ತೇವೆ. ಅದಕ್ಕೇ ಬಿಸಿಲಿನಲ್ಲಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ ಅನ್ನುವುದು. ಅದು ಐವತ್ತಕ್ಕೂ ಅಷ್ಟೇ, ಮೂವತ್ತಕ್ಕೂ ಅಷ್ಟೇ.

ಇದಕ್ಕಿಂತ ದೊಡ್ಡ ಗುಟ್ಟು ಆ ಬೆನ್ನಿಗೆ ಎಷ್ಟು ಬಳಿದರು ಎಂಬುದರಲ್ಲಿದೆ. ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ, ಅದು ನಿಯಮ. ಮುಖ, ಕಿವಿ, ಕುತ್ತಿಗೆ ಸೇರಿಸಿದರೆ ಸುಮಾರು 600 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ, ಒಂದು ಸಲಕ್ಕೆ 1.2 ಗ್ರಾಂ ಬೇಕು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. "ನೀನು ಎಷ್ಟು ಹಚ್ಚತೀಯವ್ವಾ?" ಅಂತ ಸೊಸೆಯನ್ನು ಕೇಳಿದೆ. "ಕಡ್ಲಿಕಾಳಿನಷ್ಟು ಮಾಮಾ." ಕಡಲೆಕಾಳಿನಷ್ಟನ್ನು ಇಡೀ ಮುಖಕ್ಕೆ ಎಳೆದರೆ ಐವತ್ತು ಎಂಬ ಅಂಕಿ ಟ್ಯೂಬಿನ ಮೇಲೇ ಉಳಿಯುತ್ತದೆ, ಮುಖಕ್ಕೆ ಇಳಿಯುವುದಿಲ್ಲ. ಅಳತೆಯ ಅರ್ಧ ಹಚ್ಚಿದರೆ ರಕ್ಷಣೆ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಬೀಳುತ್ತದೆ. ಕಾಲುಭಾಗ ಹಚ್ಚಿದವರ ಗತಿ ನೀವೇ ಊಹಿಸಿ.

ಎಸ್‌ಪಿಎಫ್ ಪಕ್ಕದಲ್ಲಿ ಪಿಎ ಎಂದು ಬರೆದು ಮೂರು ಪ್ಲಸ್ ಗುರುತು ಇದ್ದವು. ಅದು ಜಪಾನಿನವರ ಪದ್ಧತಿ. ಎಸ್‌ಪಿಎಫ್ ಹೆಚ್ಚಾಗಿ ಲೆಕ್ಕ ಇಡುವುದು ಸುಡುವ ಯುವಿ-ಬಿ ಕಿರಣವನ್ನು. ಸುಡದೆ ಸದ್ದಿಲ್ಲದೆ ಒಳಗಿಳಿದು ಮುಖ ಕಪ್ಪಾಗಿಸುವ, ಬಂಗು ಹೆಚ್ಚಿಸುವ ಯುವಿ-ಎ ಕಿರಣಕ್ಕೆ ಪಿಎ. ಪ್ಲಸ್ ಹೆಚ್ಚಿದಷ್ಟೂ ತಡೆ ಹೆಚ್ಚು, ನಾಲ್ಕಕ್ಕೆ ಮುಗಿಯುತ್ತದೆ. ಈ ಯುವಿ-ಎ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಕೂಡ್ಲಿಗಿಯಿಂದ ಹೊಸಪೇಟೆಗೆ ಬಸ್ಸಿನ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಸಿ ಹಿಡಿಯುವ ನಮ್ಮ ದೊಡ್ಡವ್ವ ಇದನ್ನು ಕೇಳಿ ಮೊದಲ ಬಾರಿಗೆ ಆ ಸೀಟನ್ನು ನನಗೆ ಬಿಟ್ಟುಕೊಡುವ ಮಾತಾಡಿದಳು.

ಈಗ ಭಾವನ ಮೀಸೆ. 12ಎಂ ಎಂದರೆ ಮುಚ್ಚಳ ಒಡೆದ ಮೇಲೆ ಹನ್ನೆರಡು ತಿಂಗಳು. 6ಎಂ ಇದ್ದರೆ ಆರು ತಿಂಗಳು. ಯುರೋಪಿನ ಕಾಯ್ದೆ 2005ರಿಂದ ಈ ಚಿತ್ರವನ್ನು ಕೇಳತೊಡಗಿತು, ಅಲ್ಲಿಂದ ನಮ್ಮ ಟ್ಯೂಬುಗಳ ಮೇಲೂ ಬಂದು ಕೂತಿದೆ. ನಮ್ಮ ಕಾಯ್ದೆ ಕೇಳುವುದು ಇಂಥ ತಿಂಗಳೊಳಗೆ ಬಳಸಿ ಎಂಬ ತಾರೀಖು. ಎರಡೂ ಇದ್ದರೆ ಯಾವುದು ಮೊದಲು ಬರುತ್ತದೋ ಅದೇ ಕೊನೆ. ಫೋಟೊದ ಟ್ಯೂಬನ್ನೇ ತೆಗೆದುಕೊಳ್ಳಿ. ತಯಾರಾದದ್ದು 08/2024, ಬಳಸಬೇಕಾದ ಗಡುವು 07/2026. ಸೊಸೆ ಮುಚ್ಚಳ ಒಡೆದದ್ದು 2025ರ ಕೊಟ್ಟೂರು ತೇರಿಗೆ, ಫೆಬ್ರವರಿಯಲ್ಲಿ. ಹಾಗಾದರೆ ಮರುವರ್ಷದ ಫೆಬ್ರವರಿಗೆ ಅದರ ಕತೆ ಮುಗಿಯಿತು, ಟ್ಯೂಬು ಜುಲೈ ಅಂತ ಎಷ್ಟೇ ಗೋಗರೆಯಲಿ. ಒಡೆಯದೇ ಇಟ್ಟಿದ್ದರೆ ಜುಲೈ ತನಕ ನಡೆಯುತ್ತಿತ್ತು. ನಮ್ಮ ಕಡೆಯವರಿಗೆ ಕ್ಯಾಲೆಂಡರೂ ಬೇಡ: ಒಂದು ತೇರಿಗೆ ಒಡೆದದ್ದನ್ನು ಮುಂದಿನ ತೇರಿಗೆ ಬಿಸಾಡಬೇಕು. ಒಡೆದ ತಿಂಗಳನ್ನು ಬಾಲ್‌ಪೆನ್ನಿನಿಂದ ಟ್ಯೂಬಿನ ಮೇಲೇ ಗೀಚಿಟ್ಟರೆ ಇನ್ನೂ ಒಳ್ಳೆಯದು.

ಆದರೆ ಆ ಹನ್ನೆರಡು ತಿಂಗಳು ತಂಪು ಜಾಗದಲ್ಲಿಟ್ಟವರಿಗೆ. ಅದೇ ಟ್ಯೂಬಿನ ಮೂಲೆಯಲ್ಲಿ 30 ಡಿಗ್ರಿಗಿಂತ ಕೆಳಗಿಡಿ ಎಂದು ಇರುವೆ ಅಕ್ಷರದಲ್ಲಿ ಬರೆದಿತ್ತು. ಹರಪನಹಳ್ಳಿಯ ಏಪ್ರಿಲಿನಲ್ಲಿ 30 ಡಿಗ್ರಿ ಅಂದರೆ ಬೆಳಗಿನ ಜಾವದ ಮಾತು. ಅಳಿಯ ತನ್ನ ಟ್ಯೂಬನ್ನು ಇಟ್ಟಿರುವುದು ಬೈಕಿನ ಡಿಕ್ಕಿಯಲ್ಲಿ, ಬೈಕು ನಿಂತಿರುವುದು ಬಸ್‌ಸ್ಟ್ಯಾಂಡಿನ ಬಯಲಿನಲ್ಲಿ. ಅಲ್ಲಿ ಕ್ರೀಮಿನೊಳಗಿನ ನೀರು ಎಣ್ಣೆ ಬೇರೆಯಾಗುತ್ತವೆ. ಒತ್ತಿದಾಗ ಮೊದಲು ತಿಳಿನೀರು ಬಂತೇ, ಬೆರಳಿಗೆ ರವೆಯಂತೆ ಹರಳು ಸಿಕ್ಕಿತೇ, ಬಣ್ಣ ತಿರುಗಿ ಕಮಟು ವಾಸನೆ ಬಂತೇ, ಹನ್ನೆರಡು ತಿಂಗಳಾಗಿರಲಿ ಎರಡೇ ತಿಂಗಳಾಗಿರಲಿ, ಎಸೆಯಿರಿ. ಅಲುಗಾಡಿಸಿ ಕೂಡಿಸಿದರೆ ನೋಡಲು ಸರಿಹೋಗಬಹುದು. ಆದರೆ ಚರ್ಮದ ಮೇಲೆ ಒಂದೇ ಸಮನೆ ಹರಡುವುದಿಲ್ಲ, ಒಂದು ಕಡೆ ಐವತ್ತು, ಒಂದು ಕಡೆ ಸೊನ್ನೆ.

ಕೊನೆಗೆ ಚಿಗವ್ವನ ಮಲ್ಲಿಗೆ. ಟ್ಯೂಬಿನ ಎದುರಿಗೆ ಅಲೋವೆರಾ, ಸೌತೆಕಾಯಿ, ಕೇಸರಿ ಅಂತ ಚಿತ್ರ ಸಮೇತ ಜಾತ್ರೆಯೇ ಇತ್ತು. ಬಿಸಿಲು ತಡೆಯುವವರು ಅವರಲ್ಲ. ಬೆನ್ನಿನ ಪಟ್ಟಿಯಲ್ಲಿ ಹೆಚ್ಚು ಇರುವ ವಸ್ತು ಮೊದಲು, ಕಡಿಮೆ ಇರುವುದು ಆಮೇಲೆ. ಮೊದಲನೆಯದು ನೀರು. ಅದರ ಬೆನ್ನಿಗೇ ಬಾಯಿ ಹೊರಳದ ನಾಲ್ಕು ಹೆಸರು: ಈಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್, ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯಿಲ್‌ಮೀಥೇನ್, ಆಕ್ಟೊಕ್ರಿಲೀನ್, ಟೈಟಾನಿಯಂ ಡೈಆಕ್ಸೈಡ್. ಕೆಲಸ ಮಾಡುವವರು ಈ ನಾಲ್ವರೇ. ಮೊದಲನೆಯದಕ್ಕೆ ಆಕ್ಟಿನಾಕ್ಸೇಟ್ ಎಂಬ ಕರೆಯುವ ಹೆಸರಿದೆ, ಅದು ಯುವಿ-ಬಿ ಹೀರುತ್ತದೆ. ಎರಡನೆಯದು ಅವೊಬೆಂಜೋನ್, ಯುವಿ-ಎ ಹೀರುತ್ತದೆ. ತಮಾಷೆ ಏನೆಂದರೆ ಬಿಸಿಲು ಬಿದ್ದ ಕೂಡಲೇ ಇವೆರಡೂ ಒಂದನ್ನೊಂದು ಕೆಡಿಸಿಕೊಳ್ಳುತ್ತವೆ, ಲಗ್ನದಲ್ಲಿ ಒಂದೇ ಪಂಕ್ತಿಗೆ ಕೂತ ಇಬ್ಬರು ಬೀಗರಂತೆ. ನಡುವೆ ಕೂರಿಸಿದ ಹಿರಿಯರು ಆಕ್ಟೊಕ್ರಿಲೀನ್. ಅವೊಬೆಂಜೋನ್ ಬೇಗ ಮುರಿಯದಂತೆ ಅದು ನೋಡಿಕೊಳ್ಳುತ್ತದೆ. ಮೊದಲೆರಡು ಹೆಸರು ಇದ್ದು ಇಂಥ ಸಮಾಧಾನದವರು ಯಾರೂ ಪಟ್ಟಿಯಲ್ಲಿ ಕಾಣದಿದ್ದರೆ ನಾನಂತೂ ಆ ಟ್ಯೂಬನ್ನು ವಾಪಸ್ ಶೆಲ್ಫಿಗಿಡುತ್ತೇನೆ.

ನಾಲ್ಕನೆಯದು ಖನಿಜದ ಪುಡಿ. ಸಿಂಕ್ ಆಕ್ಸೈಡ್ ಇದರ ಅಣ್ಣ, ಯುವಿ-ಎ ಕಡೆಗೆ ಅವನ ಕೈ ಇನ್ನೂ ಉದ್ದ. ಇವು ಕನ್ನಡಿಯ ಹಾಗೆ ಬಿಸಿಲನ್ನು ವಾಪಸ್ ಕಳಿಸುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಬಹುಪಾಲು ಇವೂ ಹೀರುವವೇ. ನಮ್ಮ ಬಣ್ಣದವರಿಗೆ ಇವುಗಳ ಒಂದೇ ತಕರಾರು ಬೂದಿ ಬಳಿದಂಥ ಬಿಳುಪು. ಅದಕ್ಕೆ ಹೆದರಿಯೇ ಕಡಲೆಕಾಳಿನಷ್ಟು ಹಚ್ಚುವವರು ಹೆಚ್ಚು. ಬಂಗು ಇದ್ದವರು ಐರನ್ ಆಕ್ಸೈಡ್ ಸೇರಿದ ಬಣ್ಣದ ಕ್ರೀಮು ಕೇಳಿ ತೆಗೆದುಕೊಳ್ಳಲಿ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದನ್ನು ತಡೆಯುವುದು ಐರನ್ ಆಕ್ಸೈಡ್, ಬಿಳುಪೂ ಮುಚ್ಚಿಹೋಗುತ್ತದೆ. ಮಲ್ಲಿಗೆ? ಪಟ್ಟಿಯ ಬಾಲದಲ್ಲಿ ಸುಗಂಧ ಅಂತ ಒಂದೇ ಮಾತಿತ್ತು. ಚಿಗವ್ವ ಬೇಜಾರಾದಳು.

ಇಷ್ಟೆಲ್ಲ ಓದಿದ ಮೇಲೆ ಸೊಸೆಯ ಟ್ಯೂಬಿನ ಒಂದು ವಿಷಯ ನನಗೆ ಕಚಗುಳಿ ಇಟ್ಟಿತು. ಒಳಗಿರುವುದು 50 ಗ್ರಾಂ. ಸಲಕ್ಕೆ 1.2 ಗ್ರಾಂ ಹಚ್ಚಿದರೆ ನಲವತ್ತು ಸಲಕ್ಕೆ ಬುಡ ಕಾಣಬೇಕು. ದಿನಕ್ಕೊಮ್ಮೆ ಹಚ್ಚುವವಳಿಗೆ ಒಂದೂಕಾಲು ತಿಂಗಳು. ಸರಿಯಾಗಿ ಹಚ್ಚುವವರ ಮನೆಯಲ್ಲಿ 12ಎಂ ಚಿತ್ರಕ್ಕೆ ಕೆಲಸವೇ ಇಲ್ಲ. ತೇರಿನಿಂದ ತೇರಿನವರೆಗೆ ಬಾಳಿದ ಟ್ಯೂಬು ತಾನೇ ಸಾಕ್ಷಿ ಹೇಳುತ್ತಿದೆ, ಐವತ್ತು ಎಂಬುದನ್ನು ಅವಳು ಒಂದು ದಿನವೂ ಮುಖಕ್ಕೆ ಹಚ್ಚಿಲ್ಲ ಅಂತ. ಅವಳು ನಾಲಿಗೆ ಕಚ್ಚಿದ ಎಮೋಜಿ ಹಾಕಿದಳು. ತಂಗಿ ಮಾತ್ರ ತಿಂಗಳಿಗೆ ಟ್ಯೂಬಿಗೆ ಎಷ್ಟಾಯಿತು ಎಂದು ಕೂಡಿಸಿ ನನ್ನನ್ನು ಬೈದಳು.

ದೊಡ್ಡವ್ವ ಆಗ ಧ್ವನಿ ಸಂದೇಶ ಕಳಿಸಿದಳು. "ಶೇಂಗಾ ಹೊಲದಾಗ ಮೈತುಂಬ ಇದನ್ನ ಹಚ್ಕಂಡ್ರ ಹೊಲಾನೇ ಮಾರಬೇಕು. ಸೆರಗು ಹೊದ್ಕಳ್ರಿ." ಲೆಕ್ಕ ಹಾಕಿದೆ: ದೊಡ್ಡವರ ಮೈಗೆ ಒಮ್ಮೆಗೆ 30 ಗ್ರಾಂ ಮೇಲೆ ಬೇಕು. ದೊಡ್ಡವ್ವ ಸರಿ. ಬಟ್ಟೆ ಮುಚ್ಚಿದಲ್ಲಿ ಬಟ್ಟೆ, ಉಳಿದ ಮುಖ, ಮುಂಗೈಗೆ ಕ್ರೀಮು. ಆದರೆ ಸೆರಗಿಗೂ ಅಂಕಿ ಇದೆ ದೊಡ್ಡವ್ವಾ, ಅಂದೆ. ತೆಳ್ಳನೆಯ ಬಿಳಿ ಕಾಟನ್ ಹತ್ತರ ಒಳಗೇ, ಬೆವರಿಗೆ ತೊಯ್ದರೆ ಇನ್ನೂ ಕಮ್ಮಿ. ಒತ್ತಾಗಿ ನೇಯ್ದ ದಟ್ಟ ಬಣ್ಣದ್ದಾದರೆ ಟ್ಯೂಬನ್ನೇ ಮೀರಿಸುತ್ತದೆ. ಇನ್ನೊಂದು: ಸೂರ್ಯ ನಮ್ಮ ಈ ತಾಲ್ಲೂಕುಗಳ ನೆತ್ತಿಗೆ ನೇರ ಬರುವುದು ವರ್ಷಕ್ಕೆ ಎರಡು ಸಲ, ಮೇ ಮೊದಲಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಒಮ್ಮೆ. ಶ್ರಾವಣದ ತಂಪುಗಾಳಿಗೆ ಸೆರಗು ಜಾರಿಸಿದಾಗ ಮೋಡ ಬಿರಿದರೆ ಮೇ ತಿಂಗಳಿನ ಕಿರಣವೇ ಬೀಳುತ್ತದೆ, ಬಿಸಿ ಮಾತ್ರ ಗೊತ್ತಾಗುವುದಿಲ್ಲ.

ಭಾವ ಎಲ್ಲ ಕೇಳಿಸಿಕೊಂಡು ಕಡೆಗೊಂದು ಅರ್ಜಿ ಹಾಕಿದ. "ಅವಧಿ ಮುಗಿದ ಟ್ಯೂಬು ಎಸೀಬ್ಯಾಡ್ರಿ, ಒಡೆದ ಹಿಮ್ಮಡಿಗೆ ನಾ ಹಚ್ಕಂತೀನಿ." ನೀರು-ಎಣ್ಣೆ ಬೇರೆಯಾಗದೆ ವಾಸನೆ ಸರಿ ಇದ್ದರೆ ಹಚ್ಚಿಕೊಳ್ಳಲಿ, ಆದರೆ ಬಿರುಕಿನಲ್ಲಿ ರಕ್ತ ಕಾಣುತ್ತಿದ್ದರೆ ಬೇಡ ಅಂದೆ. ಹಿಮ್ಮಡಿಗೆ ಮೀಸೆ ಬಂದರೆ ಗುಂಪಿಗೆ ಫೋಟೊ ಹಾಕಬೇಕೆಂದು ಚಿಗವ್ವ ಕರಾರು ಮಾಡಿದ್ದಾಳೆ.